ಚೀಲದೊಳಗಿನ ಬುತ್ತಿ

ಕಳೆದ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನನ್ನ ನಾದಿನಿ ಗಾಬರಿಯಿಂದ ಫೋನು ಮಾಡಿದಳು. “ಅತ್ತಿಗೆ, ಹುಡುಗನನ್ನು ಬಂದು ಕರೆದುಕೊಂಡು ಹೋಗಿ ಎಂದು ಶಾಲೆಯಿಂದ ತಿಳಿಸಿದ್ದಾರೆ. ಊಟವಾದ ಎರಡು ಗಂಟೆಯೊಳಗೆ ನಾಲ್ಕು ಸಲ ವಾಂತಿಯಾಯಿತಂತೆ. ಬೆಳಿಗ್ಗೆ ನಾನೇ ಕೈಯಾರ ಕಟ್ಟಿಕೊಟ್ಟ ಚಿತ್ರಾನ್ನ; ಹೊರಗಿನದನ್ನು ಒಂದು ತುತ್ತೂ ಮುಟ್ಟಿಲ್ಲ” ಎಂದಳು.

ನಾನು ಹೋಗುವ ವೇಳೆಗೆ ಹುಡುಗ ಮನೆಗೆ ಬಂದು, ಬಾಡಿದ ಬಾಳೆಲೆಯಂತೆ ಹಾಸಿಗೆಯ ಮೇಲೆ ಮಲಗಿದ್ದನು. ವೈದ್ಯರು ಬಂದು ನೋಡಿ, ಉಪ್ಪು ಸಕ್ಕರೆಯ ಪುಡಿಯನ್ನು ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರುವಂತೆ ಹೇಳಿ ಹೋಗಿದ್ದರು. ರಾತ್ರಿಯ ಹೊತ್ತಿಗೆ ವಾಂತಿ ನಿಂತಿತು. ಮರುದಿನ ಬೆಳಿಗ್ಗೆ ಅವನೇ ಎದ್ದು ದೋಸೆ ಬೇಕೆಂದು ಕೇಳಿದನು. ಆಪತ್ತು ಕಳೆಯಿತು, ಅನಂತರ ಮನೆಯಲ್ಲಿ ವಿಚಾರಣೆ ಆರಂಭವಾಯಿತು.

ಹುಡುಗನ ಅಜ್ಜಿಗೆ ಇದು ದೃಷ್ಟಿಯ ದೋಷವಲ್ಲದೆ ಬೇರೆಯಲ್ಲ. ಅವನ ತಂದೆಗೆ ಡಬ್ಬಿಯ ಮೇಲೆ ಸಂಶಯ. ನನ್ನ ನಾದಿನಿಗೆ ಕಡಲೆಕಾಯಿ ಬೀಜ ಹಳೆಯದೇನೋ ಎಂಬ ಕೊರಗು. ನಾನು ಮಾತ್ರ, “ಚಿತ್ರಾನ್ನದ ಅನ್ನವನ್ನು ಯಾವಾಗ ಮಾಡಿದೆ?” ಎಂದು ಕೇಳಿದೆನು.

“ಹಿಂದಿನ ರಾತ್ರಿ ಎಂಟೂವರೆಗೆ, ಅತ್ತಿಗೆ. ಇವರ ಸ್ನೇಹಿತರು ಊಟಕ್ಕೆ ಬರುವವರಿದ್ದರು, ಬರಲಿಲ್ಲ. ಪಾತ್ರೆಯ ತುಂಬ ಅನ್ನ ಉಳಿಯಿತು. ಮುಚ್ಚಳ ಮುಚ್ಚಿ ಒಲೆಯ ಕಟ್ಟೆಯ ಮೇಲೆಯೇ ಇಟ್ಟಿದ್ದೆ. ಬೆಳಿಗ್ಗೆ ಮೂಸಿ ನೋಡಿದೆ, ಒಂದು ಅಗುಳು ಬಾಯಿಗೆ ಹಾಕಿಯೂ ನೋಡಿದೆ. ಹಳಸಿರಲಿಲ್ಲ. ಆರೂವರೆಗೆ ಒಗ್ಗರಣೆ ಹಾಕಿ ಚೆನ್ನಾಗಿ ಬಿಸಿ ಮಾಡಿದೆ, ನಿಂಬೆಹಣ್ಣು ಹಿಂಡಿದೆ. ಏಳೂಕಾಲಿಗೆ ಡಬ್ಬಿ ಚೀಲ ಸೇರಿತು. ಹನ್ನೆರಡೂವರೆಗೆ ಅವನು ಉಂಡ.”

“ಮನೆಯಲ್ಲಿ ಬೇರೆ ಯಾರು ತಿಂದರು?”

ನಾದಿನಿ ಸ್ವಲ್ಪ ತಡೆದು, “ನಾನು ಮಧ್ಯಾಹ್ನ ಎರಡು ತುತ್ತು ತಿಂದೆ. ನನಗೂ ಹೊಟ್ಟೆ ತೊಳಸಿದಂತಾಯಿತು. ಹುಡುಗನ ಚಿಂತೆಯಿಂದ ಎಂದುಕೊಂಡೆ” ಎಂದಳು.

ಅವಳು ತಿಂದದ್ದು ಡಬ್ಬಿಯದಲ್ಲ, ಮನೆಯ ಬಾಣಲೆಯಲ್ಲಿದ್ದುದು. ಆದುದರಿಂದ ಡಬ್ಬಿಯೊಂದನ್ನೇ ದೂರುವಂತಿಲ್ಲ. ಆ ಅನ್ನವನ್ನು ಯಾರೂ ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷಿಸಲಿಲ್ಲವೆಂಬುದು ನಿಜ. ಆದರೂ ಎಲ್ಲ ಲಕ್ಷಣಗಳೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಆ ಕಡೆ ಯಾವುದೆಂಬುದನ್ನು ನಿತ್ಯ ಬುತ್ತಿ ಕಟ್ಟುವ ಸೋದರಿಯರೆಲ್ಲರೂ ತಿಳಿದಿರುವುದು ಒಳ್ಳೆಯದು.

ಅಕ್ಕಿ ಬೆಳೆಯುವುದು ಮಣ್ಣಿನಲ್ಲಿ. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯೊಂದುಂಟು. ಕಾಲ ಪ್ರತಿಕೂಲವಾದಾಗ ಅದು ಗಟ್ಟಿಯಾದ ಕವಚವನ್ನು ತೊಟ್ಟು ಬೀಜದಂತೆ ನಿದ್ರಿಸುತ್ತದೆ. ಈ ಬೀಜಾಣುಗಳು ಅಕ್ಕಿಯೊಡನೆ ನಮ್ಮ ಮನೆಗೆ ಬರುತ್ತವೆ. ಎಷ್ಟು ತೊಳೆದರೂ ಕೆಲವು ಉಳಿಯುತ್ತವೆ. ಅನ್ನ ಕುದಿಯುವಾಗಿನ ಶಾಖವನ್ನೂ ಕೆಲವು ತಾಳಿಕೊಳ್ಳುತ್ತವೆ. ಅಷ್ಟೇ ಅಲ್ಲ, ಆ ಶಾಖವೇ ಅವುಗಳನ್ನು ನಿದ್ರೆಯಿಂದ ತಟ್ಟಿ ಎಬ್ಬಿಸುತ್ತದೆ. ಅನ್ನವು ಉಗುರುಬೆಚ್ಚಗಾದೊಡನೆ ಅವು ಮೊಳೆತು ಬೆಳೆಯತೊಡಗುತ್ತವೆ. ತೇವವುಳ್ಳ, ಹುಳಿಯಿಲ್ಲದ, ಬೆಚ್ಚನೆಯ ಬಿಳಿಯ ಅನ್ನಕ್ಕಿಂತ ಉತ್ತಮವಾದ ಹೊಲ ಅವಕ್ಕೆ ಬೇರೆ ಬೇಕಿಲ್ಲ.

ಇನ್ನು ಸ್ವಲ್ಪ ಲೆಕ್ಕ ಹಾಕೋಣ. ಬೆಂದ ಒಂದು ಗ್ರಾಂ ಅನ್ನದಲ್ಲಿ 10 ಬೀಜಾಣುಗಳು ಉಳಿದಿವೆಯೆಂದು ಹಿಡಿಯೋಣ. ಬೆಚ್ಚಗಿರುವಾಗ ಅವು ಸುಮಾರು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆಯೆಂದೂ ಇಟ್ಟುಕೊಳ್ಳೋಣ. ಬೆಳಿಗ್ಗೆ ಆರೂವರೆಗೆ ಇಳಿಸಿದ ಹೊಸ ಅನ್ನವನ್ನು ಹನ್ನೆರಡೂವರೆಗೆ ಉಂಡರೆ ನಡುವೆ 6 ಗಂಟೆಗಳು. ಆರಿ ಮೊಳೆಯುವುದಕ್ಕೆ ಒಂದು ಗಂಟೆ ಕಳೆದರೆ, ಉಳಿದ 5 ಗಂಟೆಗಳಲ್ಲಿ 10 ಸಲ ಇಮ್ಮಡಿಯಾಗಿ, ಹತ್ತು ಇದ್ದದ್ದು ಸುಮಾರು 10 ಸಾವಿರವಾಗುತ್ತದೆ. ಒಂದು ಗ್ರಾಮಿಗೆ ಒಂದು ಲಕ್ಷದ ಗಡಿಯನ್ನು ಮುಟ್ಟಿದರೆ ಆಹಾರವು ಅಪಾಯಕರವೆಂದು ಪರೀಕ್ಷಕರು ಎಣಿಸುತ್ತಾರೆ. ಹೊಸ ಅನ್ನದ ಬುತ್ತಿಯು ಸಾಮಾನ್ಯವಾಗಿ ಆ ಗಡಿಯ ಈಚೆಗೇ ನಿಲ್ಲುತ್ತದೆ. ನಮ್ಮ ಊರುಗಳಲ್ಲಿ ಪ್ರತಿದಿನವೂ ಅಸಂಖ್ಯ ಡಬ್ಬಿಗಳು ಚೀಲದಲ್ಲಿ ಕುಳಿತು, ಮಧ್ಯಾಹ್ನ ತೆರೆದು, ಯಾರಿಗೂ ಏನೂ ಆಗದಿರುವುದಕ್ಕೆ ಇದು ಒಂದು ಕಾರಣ.

ಈಗ ನನ್ನ ನಾದಿನಿಯ ಅನ್ನವನ್ನು ನೋಡಿ. ರಾತ್ರಿ ಎಂಟೂವರೆಯಿಂದ ಬೆಳಿಗ್ಗೆ ಆರೂವರೆಯವರೆಗೆ 10 ಗಂಟೆಗಳು. ತುಂಬಿದ ಪಾತ್ರೆ, ಮೇಲೆ ಮುಚ್ಚಳ, ಬೇಸಗೆಯ ರಾತ್ರಿ; ನಡುವಿನ ಅನ್ನವು ಬಹಳ ಹೊತ್ತು ಬೆಚ್ಚಗೇ ಇರುತ್ತದೆ. ಆರುವುದಕ್ಕೂ ಮೊಳೆಯುವುದಕ್ಕೂ 2 ಗಂಟೆ ಬಿಟ್ಟರೂ ಉಳಿದ 8 ಗಂಟೆಗಳಲ್ಲಿ 16 ಸಲ ಇಮ್ಮಡಿ. ಅದೇ ಹತ್ತು ಈಗ ಆರೂವರೆ ಲಕ್ಷ! ಒಗ್ಗರಣೆಯ ಬಾಣಲೆಗೆ ಬೀಳುವ ಮೊದಲೇ ಆ ಅನ್ನವು ಗಡಿಯನ್ನು ದಾಟಿ ಹೋಗಿತ್ತು.

“ಚೆನ್ನಾಗಿ ಬಿಸಿ ಮಾಡಿದೆನಲ್ಲಾ!” ಎಂದು ನಾದಿನಿ ಕೇಳಿದಳು. ಬಿಸಿ ಮಾಡಿದುದರಿಂದ ಜೀವಂತ ಸೂಕ್ಷ್ಮಜೀವಿಗಳು ಸತ್ತಿರಬಹುದು. ಆದರೆ ಅವು ಬೆಳೆಯುವಾಗ ಅನ್ನದೊಳಕ್ಕೆ ಬಿಟ್ಟ ವಿಷವು ಅಲ್ಲಿಯೇ ಉಳಿಯುತ್ತದೆ. ವಾಂತಿಯನ್ನುಂಟುಮಾಡುವ ಆ ವಿಷವು 121 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಒಂದೂವರೆ ಗಂಟೆಯಿಟ್ಟರೂ ಕೆಡುವುದಿಲ್ಲ. ಪ್ರೆಷರ್ ಕುಕ್ಕರಿನಲ್ಲಿ ಮರುಬೇಯಿಸಿದರೂ ಪ್ರಯೋಜನವಿಲ್ಲವೆಂದ ಮೇಲೆ ಒಗ್ಗರಣೆಯ ಪಾಡೇನು! ನಿಂಬೆಯ ರಸವೂ ಹಾಗೆಯೇ. ಹುಳಿಯು ಬೆಳವಣಿಗೆಯನ್ನು ತಡೆಯಬಲ್ಲುದು. ಆಗಲೇ ಹುಟ್ಟಿರುವ ವಿಷವನ್ನು ಅಳಿಸಲಾರದು.

ಮೂಗನ್ನೂ ನಾಲಿಗೆಯನ್ನೂ ನಂಬಿದುದು ಅವಳ ಇನ್ನೊಂದು ತಪ್ಪು. ಅದು ನಮ್ಮೆಲ್ಲರ ತಪ್ಪೂ ಹೌದು. ಅನ್ನವು ಲೋಳೆಯಾಗುವುದು, ಹುಳಿವಾಸನೆ ಬರುವುದು ಇವು ಹಳಸಿದುದರ ಗುರುತುಗಳು. ಅವು ಕಂಡರೆ ಎಸೆಯಲೇಬೇಕು. ಆದರೆ ಅವು ಕಾಣದಿದ್ದ ಮಾತ್ರಕ್ಕೆ ಅನ್ನ ಒಳ್ಳೆಯದೆಂದು ಅರ್ಥವಲ್ಲ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇಲ್ಲಿ ಪ್ರಮಾಣವೆಂದರೆ ಗಡಿಯಾರ ಒಂದೇ.

ರೋಗದ ನಡೆಯೂ ಗಡಿಯಾರದಂತೆಯೇ. ಇಂಥ ಅನ್ನವನ್ನು ಉಂಡ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ ಆರಂಭವಾಗಿ, ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿ ನಿಲ್ಲುತ್ತದೆ, ಜ್ವರವಿರುವುದು ಅಪರೂಪ. ನಮ್ಮ ಹುಡುಗನಿಗೆ ಆದುದೂ ಹೀಗೆಯೇ. ಕುಡಿದ ನೀರೂ ನಿಲ್ಲದಿದ್ದರೆ, ಮಗು ಮಂಪರಾದರೆ, ಮೂತ್ರ ಕಡಮೆಯಾದರೆ, ಜ್ವರ ಅಥವಾ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಈ ಕಾಯಿಲೆಯ ಕಥೆ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. 1971ರಲ್ಲಿ ಇಂಗ್ಲೆಂಡಿನಲ್ಲಿ ಚೀನೀ ಶೈಲಿಯ ಹೋಟೆಲುಗಳಲ್ಲಿ ಹುರಿದ ಅನ್ನವನ್ನು ತಿಂದವರು ಇದೇ ರೀತಿ ವಾಂತಿಮಾಡಿಕೊಂಡಾಗ ಇದರ ಗುಟ್ಟು ಹೊರಬಿದ್ದಿತು. ಅಲ್ಲಿಯೂ ನಡೆದದ್ದು ಇದೇ: ಮೊದಲೇ ಬೇಯಿಸಿ ಹೊರಗೆ ಬಿಟ್ಟ ಅನ್ನ, ಗಿರಾಕಿ ಬಂದಾಗ ಬಾಣಲೆಯಲ್ಲಿ ಒಂದು ಸುತ್ತು.

ಹಾಗಾದರೆ ನಮ್ಮ ಹಿರಿಯರು ತಂಗಳನ್ನ ತಿನ್ನುತ್ತಿರಲಿಲ್ಲವೆ ಎಂದು ನೀವು ಕೇಳಬಹುದು. ತಿನ್ನುತ್ತಿದ್ದರು. ಆದರೆ ಅವರು ರಾತ್ರಿಯೇ ಅದಕ್ಕೆ ನೀರು ಹೊಯ್ದಿಡುತ್ತಿದ್ದರು. ಅನ್ನ ಬೇಗನೆ ತಣ್ಣಗಾಗುತ್ತಿತ್ತು, ಬೆಳಗಾಗುವುದರೊಳಗೆ ಹುಳಿಯೂ ಏರುತ್ತಿತ್ತು. ಅದನ್ನು ಮಜ್ಜಿಗೆಯೊಡನೆ ಬೆಳಿಗ್ಗೆಯೇ ಉಂಡು ಮುಗಿಸುತ್ತಿದ್ದರು. ಒಣಗಲು ಬಿಟ್ಟ ಅನ್ನಕ್ಕೆ ಒಗ್ಗರಣೆ ಹಾಕಿ, ಮತ್ತೆ ಆರು ಗಂಟೆ ಚೀಲದಲ್ಲಿ ಹೊತ್ತು ತಿರುಗುವುದು ಬೇರೆಯ ವಿಷಯ.

ರಾತ್ರಿಯ ಅನ್ನವನ್ನು ಬಳಸಲೇಬಾರದೆಂದು ನಾನು ಹೇಳುತ್ತಿಲ್ಲ. ಊಟವಾದ ಕೂಡಲೆ, ಹೆಚ್ಚೆಂದರೆ ಅನ್ನ ಇಳಿಸಿದ ಎರಡು ಗಂಟೆಯೊಳಗೆ, ಅಗಲವಾದ ತಟ್ಟೆಗೆ ತೆಳುವಾಗಿ ಹರಡಿ ಆರಿಸಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿದರೆ ಮರುದಿನಕ್ಕೆ ಅದು ಯೋಗ್ಯವೇ. ಕುಕ್ಕರಿನ ಪಾತ್ರೆಯನ್ನೇ ಹಾಗೆ ಎತ್ತಿ ಒಳಗಿಟ್ಟರೆ ಸಾಲದು. ನಡುವಿನ ಅನ್ನ ತಣ್ಣಗಾಗುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ.

ಇಷ್ಟು ರಾತ್ರಿಯ ಮಾತಾಯಿತು. ಇನ್ನು ಬೆಳಗಿನ ಹೊಸ ಅನ್ನವು ಚೀಲದೊಳಗೆ ಏನಾಗುತ್ತದೆಂಬುದನ್ನು ನೋಡೋಣ. ಆಹಾರವು 60 ಡಿಗ್ರಿಗಿಂತ ಮೇಲಿದ್ದರೆ ಸೂಕ್ಷ್ಮಜೀವಿಗಳು ಬೆಳೆಯಲಾರವು. 5 ಡಿಗ್ರಿಗಿಂತ ಕೆಳಗಿದ್ದರೆ ಅವುಗಳ ಬೆಳವಣಿಗೆ ತೀರ ಮಂದ. ಇವೆರಡರ ನಡುವಣ ಕಾಲವನ್ನು ಕಿರಿದು ಮಾಡುವುದೇ ಬುತ್ತಿಯ ವಿದ್ಯೆಯ ಸಾರವೆಲ್ಲ. ಆಸ್ಟ್ರೇಲಿಯದಲ್ಲಿ ಈ ನಡುವಣ ಸ್ಥಿತಿಯಲ್ಲಿ ಒಟ್ಟು 4 ಗಂಟೆ ಕಳೆದ ಆಹಾರವನ್ನು ಎಸೆಯಬೇಕೆಂಬ ಸೂತ್ರವನ್ನೇ ಪಾಲಿಸುತ್ತಾರೆ. ನಮ್ಮ ಮಕ್ಕಳ ಡಬ್ಬಿಯು ಅದಕ್ಕಿಂತ ಹೆಚ್ಚು ಹೊತ್ತು ಚೀಲದಲ್ಲಿರುವುದರಿಂದ, ಒಳಗಿನ ಪದಾರ್ಥಕ್ಕೆ ಬೇರೆ ಏನಾದರೊಂದು ರಕ್ಷಣೆ ಬೇಕೇ ಬೇಕು.

ಇಲ್ಲಿ ಅನೇಕರು ಮಾಡುವ ತಪ್ಪೊಂದಿದೆ. ಒಲೆಯಿಂದ ಇಳಿಸಿದ ಅನ್ನವನ್ನು ಹಬೆಯಾಡುತ್ತಿರುವಂತೆಯೇ ತೆಳುವಾದ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ, ಶಾಖ ಹೋಗದಿರಲೆಂದು ದಪ್ಪನೆಯ ಬೆಚ್ಚನೆಯ ಚೀಲದಲ್ಲಿಡುತ್ತಾರೆ. ಅದು ಅನ್ನವನ್ನು ಮಧ್ಯಾಹ್ನದವರೆಗೆ ಬಿಸಿಯಾಗಿ ಇಡುವುದಿಲ್ಲ, ಉಗುರುಬೆಚ್ಚಗೆ ಇಡುತ್ತದೆ. ಸೂಕ್ಷ್ಮಜೀವಿಗೆ ಬೇಕಾದುದೂ ಅದೇ ಹದ. ಜೊತೆಗೆ ಮುಚ್ಚಳಕ್ಕೆ ಕಟ್ಟಿದ ಹಬೆ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕುತ್ತದೆ. ಪೂರ್ತಿ ಬಿಸಿಯೂ ಅಲ್ಲದ, ಪೂರ್ತಿ ತಣ್ಣಗೂ ಅಲ್ಲದ ಈ ಸ್ಥಿತಿ ಎಲ್ಲಕ್ಕಿಂತ ಕೆಟ್ಟದು.

ಬಿಸಿಯಾಗಿಯೇ ಇರಬೇಕೆಂದರೆ ನಿರ್ವಾತದ ಉಕ್ಕಿನ ಫ್ಲಾಸ್ಕ್ ಬೇಕು. ಬಿಸಿಬೇಳೆಭಾತು, ಸಾರನ್ನ ಇವಕ್ಕೆ ಅದು ಹೊಂದುತ್ತದೆ. ಮೊದಲು ಅದರಲ್ಲಿ ಕುದಿಯುವ ನೀರು ತುಂಬಿ 10 ನಿಮಿಷ ಬಿಡಬೇಕು. ನೀರನ್ನು ಚೆಲ್ಲಿ, ಕುದಿಯುತ್ತಿರುವ ಭಾತನ್ನು ಕಂಠದವರೆಗೆ ತುಂಬಿ ಕೂಡಲೆ ಬಿಗಿಯಬೇಕು. ಅರ್ಧ ತುಂಬಿದ ಫ್ಲಾಸ್ಕ್ ಬೇಗ ತಣಿಯುತ್ತದೆ. ನಿಮ್ಮ ಫ್ಲಾಸ್ಕಿನ ಯೋಗ್ಯತೆಯನ್ನು ತಿಳಿಯಲು ಒಂದು ಭಾನುವಾರ ಬೆಳಿಗ್ಗೆ ಹೀಗೆಯೇ ತುಂಬಿಟ್ಟು, ಊಟದ ವೇಳೆಗೆ ತೆರೆದು ಅಡುಗೆಯ ಥರ್ಮಾಮೀಟರನ್ನು ನಡುವಿಗೆ ಚುಚ್ಚಿ ನೋಡಿ. 60 ಡಿಗ್ರಿ ಇದ್ದರೆ ನಂಬಬಹುದು; ಇಲ್ಲದಿದ್ದರೆ ಅದು ನೀರಿಗೆ ಇರಲಿ.

ಎರಡನೆಯ ದಾರಿ, ಆರಿಸಿ ಕಟ್ಟುವುದು. ಅನ್ನವನ್ನು ಅಗಲವಾದ ಹರಿವಾಣದಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ ಪಂಖದ ಕೆಳಗಿಟ್ಟರೆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಆರುತ್ತದೆ. ಹೀಗೆ ಮಾಡಿದರೆ ಬೆಳವಣಿಗೆ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಆದುದರಿಂದ ಜೊತೆಗೆ ಹುಳಿಯ ಕಾವಲು ಇರಬೇಕು. ಪುಳಿಯೋಗರೆ, ನಿಂಬೆಹಣ್ಣಿನ ಚಿತ್ರಾನ್ನ, ಮೊಸರನ್ನ ಇವು ಪ್ರಯಾಣದ ಬುತ್ತಿಗಳಾಗಿ ನಮ್ಮಲ್ಲಿ ಬಳಕೆಗೆ ಬಂದುದು ರುಚಿಗಾಗಿ ಮಾತ್ರವಲ್ಲ. ಆದರೆ ಹುಳಿಯು ಪ್ರತಿಯೊಂದು ಅಗುಳಿಗೂ ಮುಟ್ಟಬೇಕು. ಪುಳಿಯೋಗರೆಯಲ್ಲಿ ಅಲ್ಲಲ್ಲಿ ಬಿಳಿಯ ಅನ್ನದ ಗಂಟು ಉಳಿದರೆ ಆ ಗಂಟಿಗೆ ಕಾವಲಿಲ್ಲ. ಮೊದಲು ಆರಿದ ಅನ್ನಕ್ಕೆ ಎಣ್ಣೆ ಹಾಕಿ ಉದುರಿಸಿಕೊಂಡು, ಅನಂತರ ಎಣ್ಣೆ ಬಿಡುವವರೆಗೆ ಕುದಿಸಿದ ಗೊಜ್ಜನ್ನು ಸೇರಿಸಿ, ಬಣ್ಣವು ಒಂದೇ ಸಮವಾಗುವಂತೆ ಕಲಸಿ. ಡಬ್ಬಿಯ ಮೂಲೆಯಲ್ಲಿ ಒಂದು ಹೋಳು ಉಪ್ಪಿನಕಾಯಿ ಇಟ್ಟರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆಯೇ ಹೊರತು ಅನ್ನವನ್ನಲ್ಲ.

ಮೊಸರನ್ನದಲ್ಲಿ ಒಂದು ಸೂಕ್ಷ್ಮವಿದೆ. ಮಧ್ಯಾಹ್ನಕ್ಕೆ ಹುಳಿಯಾಗದಿರಲೆಂದು ನಾವು ಅನ್ನಕ್ಕೆ ಹಾಲನ್ನೇ ಧಾರಾಳವಾಗಿ ಹೊಯ್ದು ಒಂದು ಚಮಚ ಮೊಸರು ಹೆಪ್ಪುಹಾಕುತ್ತೇವೆ. ಆಗ ಹುಳಿ ಏರುವುದಕ್ಕೆ ಕೆಲವು ಗಂಟೆ ಬೇಕು. ಆ ಗಂಟೆಗಳಲ್ಲಿ ಹಾಲು ಅನ್ನ ಎರಡೂ ಕಾವಲಿಲ್ಲದೆ ಇರುತ್ತವೆ. ಹುಳಿಯು ಮೊದಲ ನಿಮಿಷದಿಂದಲೇ ಇರಬೇಕು. ಮೆತ್ತಗೆ ಬೆಂದ ಒಂದು ಲೋಟ ಅನ್ನವನ್ನು ಹಿಸುಕಿ, ಕೈಗೆ ಬಿಸಿ ತಾಗದಷ್ಟು ಆರಿಸಿ, ಒಂದು ಲೋಟ ಹೊಸ ಮೊಸರನ್ನು ಹಾಕಿ, ಕಾಯಿಸಿ ಆರಿಸಿದ ಹಾಲು ಕಾಲು ಲೋಟದಷ್ಟು ಸಾಕು. ಬಿಸಿ ಅನ್ನಕ್ಕೆ ಮೊಸರು ಹಾಕಿದರೆ ಮೊಸರು ಒಡೆಯುವುದಲ್ಲದೆ ಅದರೊಳಗಿನ ಉಪಕಾರಿ ಜೀವಿಗಳೂ ಸಾಯುತ್ತವೆ. ಹುಳಿ ಸ್ವಲ್ಪ ಹೆಚ್ಚಾಯಿತೆಂದು ಮಕ್ಕಳು ಮುಖ ಸಿಂಡರಿಸಿದರೆ ದ್ರಾಕ್ಷಿಯನ್ನೋ ದಾಳಿಂಬೆಯನ್ನೋ ಬೇರೆ ಚಿಕ್ಕ ಡಬ್ಬಿಯಲ್ಲಿ ಕೊಟ್ಟು, ತಿನ್ನುವಾಗ ಬೆರೆಸಿಕೊಳ್ಳುವಂತೆ ಹೇಳಿ.

ಮೂರನೆಯ ದಾರಿ, ತೇವ ಕಡಮೆಯಿರುವ ತಿಂಡಿ. ಚಪಾತಿಯನ್ನು ಒಂದೊಂದಾಗಿ ಆರಿಸಿ ಮಡಿಸಿಟ್ಟರೆ ಬೆವರುವುದಿಲ್ಲ. ಅದರೊಡನೆ ಹಸಿ ತೆಂಗಿನಕಾಯಿಯ ಚಟ್ನಿಯನ್ನು ಕಟ್ಟುವ ಬದಲು ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ಕೊಡಬಹುದು. ಹಸಿ ಕಾಯಿ ರುಬ್ಬಿದ ಚಟ್ನಿ, ಹಸಿ ಕಾಯಿಯ ಮಜ್ಜಿಗೆಹುಳಿ, ಹೆಸರುಬೇಳೆಯ ಪೊಂಗಲು, ನೀರಾದ ಆಲೂಗಡ್ಡೆ ಪಲ್ಯ ಇವು ಮನೆಯಲ್ಲಿ ಬಿಸಿಬಿಸಿಯಾಗಿ ಉಣ್ಣುವುದಕ್ಕೆ ಲೇಸು. ಚೀಲದಲ್ಲಿ ಮಾರ್ಚ್ ತಿಂಗಳ ಬಿಸಿಲಿಗೆ ಅವು ತಾಳುವುದಿಲ್ಲ.

ಕೈಯ ವಿಷಯವನ್ನೂ ಹೇಳಿ ಮುಗಿಸುತ್ತೇನೆ. ಅನ್ನವನ್ನು ಕಲಸುವುದಕ್ಕೆ ಕೈಗಿಂತ ಚಮಚ ಮೇಲು. ನಮ್ಮ ಮೂಗಿನಲ್ಲಿಯೂ ಚರ್ಮದ ಮೇಲೂ ಇರುವ ಸ್ಟ್ಯಾಫಿಲೊಕಾಕಸ್ ಎಂಬ ಸೂಕ್ಷ್ಮಜೀವಿ ಬೆಂದ ಆಹಾರಕ್ಕೆ ಬೆರಳಿನಿಂದಲೇ ಇಳಿಯುತ್ತದೆ. ಬೆರಳಿನಲ್ಲಿ ಗಾಯವಿದ್ದರಂತೂ ಹೇಳಲೇಬೇಡಿ. ಅದು ಬಿಡುವ ವಿಷವೂ ಬಿಸಿಮಾಡಿದರೆ ಹೋಗುವಂಥದಲ್ಲ. ಮುಚ್ಚಳದ ರಬ್ಬರಿನ ಉಂಗುರವನ್ನು ದಿನವೂ ಬಿಡಿಸಿ ತೊಳೆದು ಒಣಗಿಸಿ. ಸಂಜೆ ಮರಳಿ ಬಂದ ಡಬ್ಬಿಯಲ್ಲಿ ಉಳಿದ ಅನ್ನವನ್ನು “ಅಯ್ಯೋ, ದಂಡವಾಗುತ್ತದಲ್ಲಾ” ಎಂದು ನೀವು ತಿನ್ನಬೇಡಿ. ಮನೆಯ ಉಳಿತಾಯವನ್ನೆಲ್ಲ ತಮ್ಮ ಹೊಟ್ಟೆಯಲ್ಲಿ ಮಾಡುವ ಅಭ್ಯಾಸ ನಮ್ಮ ಹೆಂಗಸರಿಗೆ ಉಂಟು, ನನಗೂ ಇತ್ತು. ಡಬ್ಬಿ ಉಳಿದು ಬರುತ್ತಿದ್ದರೆ ನಾಳೆಯಿಂದ ಒಂದು ಹಿಡಿ ಕಡಮೆ ಹಾಕುವುದೇ ನಿಜವಾದ ಉಳಿತಾಯ.

ನನ್ನ ನಾದಿನಿ ಈಗ ಬೆಳಿಗ್ಗೆ ಇಪ್ಪತ್ತು ನಿಮಿಷ ಮುಂಚೆ ಏಳುತ್ತಾಳೆ. ಆ ಇಪ್ಪತ್ತು ನಿಮಿಷ ಅನ್ನ ಆರುವುದಕ್ಕೆ. ಮೊನ್ನೆ ಹೋದಾಗ ಹರಿವಾಣದಲ್ಲಿ ಅನ್ನ ಹರಡಿ ಪಂಖ ಹಾಕಿದ್ದಳು. ಅವಳ ಅತ್ತೆ ಪಕ್ಕದಲ್ಲಿ ಕುಳಿತು ಬೀಸಣಿಗೆಯಿಂದಲೂ ಬೀಸುತ್ತಿದ್ದರು. “ದೃಷ್ಟಿ ತೆಗೆಯುವುದನ್ನು ಬಿಟ್ಟಿರಾ, ಅಮ್ಮಾ?” ಎಂದು ಕೇಳಿದೆನು.

“ಅದನ್ನೇಕೆ ಬಿಡಲಿ? ಅದು ಸಂಜೆಗೆ, ಇದು ಬೆಳಿಗ್ಗೆಗೆ” ಎಂದರು ಅವರು.